"ಅಕ್ಟೋಬರಿನಲ್ಲಿ ಏನು ಮಾಡಿದೆ?": ಸಂಬಳದ ಕೆಲಸ ಬೇಡ ಅಂದ ಮಗ ಮನೆಗೆ ಬರೆದ ಕಾಗದ

ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಅಡಿಕೆ ತೋಟದ ಮನೆ. ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಬೆಂಗಳೂರಿನ ಒಂದು ಕಂಪೆನಿಯಿಂದ ಟ್ರೈನಿ ಇಂಜಿನಿಯರ್ ಕೆಲಸದ ಆರ್ಡರ್ ಬಂತು. ಮಾರ್ಚ್ ಒಂದಕ್ಕೆ ಸೇರಬೇಕು. ಅಪ್ಪ ಹೊಸ ಸೂಟ್‌ಕೇಸ್ ತೆಗೆದುಕೊಡುವ ಯೋಚನೆಯಲ್ಲಿದ್ದರು. ಮಗ ಮಾತ್ರ ಹೋಗುವುದಿಲ್ಲ ಅಂದ. ಓದುವಾಗಲೇ ಹಿಡಿದಿದ್ದ ಫ್ರೀಲಾನ್ಸ್ ಡ್ರಾಯಿಂಗ್ ಕೆಲಸವನ್ನೇ ಮುಂದುವರಿಸುತ್ತೇನೆ ಅಂದ.

ಆಮೇಲೆ ಒಂದು ವಾರ ಆ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಸರಿಯಾಗಿ ಮಾತಾಡಲಿಲ್ಲವಂತೆ. ಬಾಯಿಮಾತಿನಲ್ಲಿ ಹೇಳಹೊರಟರೆ ಜಗಳಕ್ಕೆ ತಿರುಗುತ್ತದೆ ಅಂತ ಮಗ ಕಾಗದ ಬರೆದ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ! ಆದರೆ ಲೆಕ್ಕದ ವಿಷಯಕ್ಕೆ ಅದೇ ಸರಿ. ಅಪ್ಪ ಎರಡು ಸಲ ಓದಬಹುದು, ಅಂಚಿನಲ್ಲಿ ಬರೆಯಬಹುದು.

ನಾನು ಕಾಸರಗೋಡು ಪೇಟೆಯಲ್ಲಿ ತೆರಿಗೆ ರಿಟರ್ನ್ ಮಾಡಿಕೊಡುವವನು. ಹುಡುಗ ತನ್ನ ಲೆಕ್ಕ ತೋರಿಸಲು ಬಂದವನು ಕಾಗದವನ್ನೂ ತೋರಿಸಿದ. ಮೊದಲ ಕರಡು, ಅದಕ್ಕೆ ಅಪ್ಪನ ಉತ್ತರ, ಆಮೇಲೆ ಬರೆದ ಎರಡನೇ ಕಾಗದ, ಮೂರನ್ನೂ ಓದಿದೆ. ಹೆಸರು ಹಾಕದಿದ್ದರೆ ಬರೆಯಬಹುದು ಅಂತ ಇಬ್ಬರೂ ಒಪ್ಪಿದ್ದಾರೆ. ಇಂಥ ಕಾಗದ ಬರೆಯಬೇಕಾದ ಮಕ್ಕಳು ಈಗ ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆದ್ದರಿಂದ ಎಲ್ಲಿ ಕೆಟ್ಟಿತು, ಎಲ್ಲಿ ಸರಿಯಾಯಿತು ಅಂತ ನೋಡುವುದು ಉಪಯೋಗವಾದೀತು.

ಮೊದಲು ಅವನ ಕೆಲಸ ಏನು ಅಂತ ಹೇಳಬೇಕು. ಅಂಗಡಿ, ಕಚೇರಿ, ಹೋಟೆಲ್‌ಗಳ ಒಳಾಂಗಣ ಕೆಲಸ ಮಾಡುವ ಕಂಪೆನಿಗಳಿಗೆ ಶಾಪ್ ಡ್ರಾಯಿಂಗ್ ಬೇಕಾಗುತ್ತದೆ. ಆರ್ಕಿಟೆಕ್ಟ್ ಕೊಟ್ಟ ನಕ್ಷೆ ನೋಡಿ ಬಡಗಿ ಹಲಗೆ ಕೊಯ್ಯಲು ಆಗುವುದಿಲ್ಲ. ಕೌಂಟರಿನ ಹಲಗೆ ಎಷ್ಟು ದಪ್ಪ, ಜೋಡಣೆ ಎಲ್ಲಿ, ಲೈಟಿನ ತೂತು ಎಷ್ಟು ದೂರಕ್ಕೆ ಅನ್ನುವುದನ್ನೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುವ ಹಾಳೆ ಬೇಕು. ಈ ಹುಡುಗ ಅದನ್ನು ಆಟೋಕ್ಯಾಡ್‌ನಲ್ಲಿ ಮಾಡುತ್ತಾನೆ. ಹಾಳೆಗೆ ಇಷ್ಟು ಅಂತ ದರ. ದುಬೈಯ ಒಂದು ಕಂಪೆನಿ, ಮಂಗಳೂರಿನ ಒಬ್ಬ ಇಂಜಿನಿಯರ್, ಆಗಾಗ ಬಂದು ಹೋಗುವ ಇಬ್ಬರು ಮೂವರು, ಇವರೇ ಗಿರಾಕಿಗಳು.

ಮೊದಲ ಕರಡು ಎರಡು ಪುಟ ಇತ್ತು. ಸ್ವಾತಂತ್ರ್ಯ, ಕನಸು, ಈಗಿನ ಕಾಲ ಬೇರೆ, ಯಾವ ಕೆಲಸವೂ ಶಾಶ್ವತ ಅಲ್ಲ, ಹೀಗೆ. ಲೆಕ್ಕಕ್ಕೆ ಇದ್ದದ್ದು ಒಂದೇ ಸಾಲು: "ಎಂಟು ತಿಂಗಳಲ್ಲಿ 1,64,000 ರೂಪಾಯಿ ಬಂದಿದೆ, ತಿಂಗಳಿಗೆ ಸರಾಸರಿ 20,500. ಸಂಬಳಕ್ಕೆ ಹತ್ತಿರ ಹತ್ತಿರ ಬಂತು, ಮುಂದೆ ಜಾಸ್ತಿಯಾಗುತ್ತದೆ."

ಅಪ್ಪ ಬ್ಯಾಂಕ್ ಪಾಸ್‌ಬುಕ್ ತರಿಸಿ ನೋಡಿದರು. ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದು ಮೇಜಿನ ಮೇಲಿಟ್ಟರು: "ಅಕ್ಟೋಬರಿನಲ್ಲಿ ಏನು ಮಾಡಿದೆ? ಆ ತಿಂಗಳು ಸೊನ್ನೆ ಇದೆಯಲ್ಲ."

ಇಡೀ ಪ್ರಕರಣ ನಿಂತಿರುವುದು ಆ ಪ್ರಶ್ನೆಯ ಮೇಲೆ. ಭದ್ರತೆ ಅಂತ ಹಿರಿಯರು ಕೇಳುವಾಗ ಸರಾಸರಿ ಎಷ್ಟು ಅಂತ ಅವರು ಕೇಳುವುದಿಲ್ಲ. ಅತಿ ಕೆಟ್ಟ ತಿಂಗಳಲ್ಲಿ ಅಕ್ಕಿ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಹುಡುಗ ಅದಕ್ಕೆ ಉತ್ತರವನ್ನೇ ಬರೆದಿರಲಿಲ್ಲ.

ಇನ್ನೊಂದು ತೊಡಕಿತ್ತು. "ನೀವೂ ಸಂಬಳ ಇಲ್ಲದೆಯೇ ಬದುಕಿದ್ದೀರಲ್ಲ, ತೋಟದಲ್ಲಿ ತಿಂಗಳು ತಿಂಗಳು ದುಡ್ಡು ಬರುತ್ತದೆಯೇ" ಅಂತ ಮೊದಲ ಕರಡಿನಲ್ಲಿ ಜಾಣತನದಿಂದ ಬರೆದಿದ್ದ. ಅಪ್ಪನಿಗೆ ಸಿಟ್ಟು ಬಂದದ್ದು ಇದಕ್ಕೇ. ಕೊಳೆರೋಗ ಬಂದ ವರ್ಷ ಏನಾಗುತ್ತದೆ ಅಂತ ಗೊತ್ತಿರುವುದರಿಂದಲೇ ಅವರು ಮಗನಿಗೆ ಸಂಬಳ ಬೇಕು ಅನ್ನುವುದು. ತಮ್ಮ ಪಾಡನ್ನೇ ತಮಗೆ ವಾದವಾಗಿ ಒಪ್ಪಿಸಿದರೆ ಯಾರಿಗೆ ತಾನೇ ಹಿಡಿಸೀತು? ಎರಡನೇ ಕಾಗದದಲ್ಲೂ ಅಡಿಕೆ ಬರುತ್ತದೆ, ಆದರೆ ಬೇರೆ ರೀತಿಯಲ್ಲಿ.

ಎರಡನೆಯದನ್ನು ಬರೆಯುವ ಮೊದಲು ಅವನು ಎಂಟು ತಿಂಗಳ ಜಮೆಯನ್ನು ಸಾಲಾಗಿ ಬರೆದುಕೊಂಡ. ಜೂನ್ 18,000, ಜುಲೈ 9,500, ಆಗಸ್ಟ್ 31,000, ಸೆಪ್ಟೆಂಬರ್ 22,000, ಅಕ್ಟೋಬರ್ ಸೊನ್ನೆ, ನವೆಂಬರ್ 44,000, ಡಿಸೆಂಬರ್ 26,000, ಜನವರಿ 13,500. ನಾನು ಕೇಳಿದ್ದು ಒಂದೇ: ಪ್ರತಿಯೊಂದು ತಗ್ಗಿದ ತಿಂಗಳಿಗೂ ಕಾರಣ ಬರೆ. ಬರೆದಾಗ ಒಂದು ವಿಷಯ ಬಿಡಿಸಿಕೊಂಡಿತು. ಜುಲೈಯಲ್ಲಿ ಕೆಲಸವೇ ಕಡಿಮೆ ಇತ್ತು. ಅಕ್ಟೋಬರಿನಲ್ಲಿ ಕೈತುಂಬ ಕೆಲಸ ಇತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಬೇರೆ ಬೇರೆ. ಕೆಲಸ ಇಲ್ಲದಿದ್ದರೆ ಗಿರಾಕಿ ಹುಡುಕಬೇಕು. ದುಡ್ಡು ಬಾರದಿದ್ದರೆ ಒಪ್ಪಂದದ ಮಾತನ್ನು ಬದಲಿಸಬೇಕು. ಹೊಸದಾಗಿ ಫ್ರೀಲಾನ್ಸ್ ಮಾಡುವವರು ಇದನ್ನು ಬೇರೆ ಮಾಡಿ ನೋಡುವುದೇ ಇಲ್ಲ. ದುಡ್ಡು ಬಾರದಿದ್ದಾಗ ಹೆದರಿ ಇನ್ನಷ್ಟು ಕಡಿಮೆ ದರಕ್ಕೆ ಕೆಲಸ ಹಿಡಿಯುತ್ತಾರೆ.

ಎರಡನೇ ಕಾಗದ ಇದು. ಮನೆಯ ಖಾಸಗಿ ವಿಷಯದ ಒಂದೆರಡು ಸಾಲು ಬಿಟ್ಟಿದ್ದೇನೆ.

"ಅಪ್ಪ, ಅಮ್ಮ, ನಮಸ್ಕಾರ.

ಹೋದ ಕಾಗದದಲ್ಲಿ ದೊಡ್ಡ ಮಾತು ಜಾಸ್ತಿಯಾಯಿತು. ಇದರಲ್ಲಿ ನೀವು ಕೇಳಿದ್ದಕ್ಕೆ ಮಾತ್ರ ಬರೆಯುತ್ತೇನೆ.

ಮೊದಲು ಕಂಪೆನಿಯ ಕೆಲಸದ ಲೆಕ್ಕ. ಆರ್ಡರಿನಲ್ಲಿ ವರ್ಷಕ್ಕೆ 3,24,000 ಅಂತ ಇದೆ. ತಿಂಗಳಿಗೆ 27,000. ಇದರಲ್ಲಿ ಕಂಪೆನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಗೆ 721, ಗುಂಪು ವಿಮೆಗೆ 479 ಸೇರಿದೆ. ಉಳಿದ 24,000ದಲ್ಲಿ ನನ್ನ ಪಾಲಿನ ಪಿಎಫ್ 1,800 ಹೋದರೆ ಕೈಗೆ 22,200. ಬೆಂಗಳೂರಿನಲ್ಲಿ ಪಿಜಿ, ಬಸ್ಸು, ಹೊರಗಿನ ಊಟ, ಊರಿಗೆ ಬಂದುಹೋಗುವುದು ಎಲ್ಲ ಸೇರಿ 16,000 ಆಗುತ್ತದೆ ಅಂತ ಅಲ್ಲಿರುವ ಗೆಳೆಯರ ಖರ್ಚು ನೋಡಿ ಹಾಕಿದ್ದೇನೆ. ಉಳಿಯುವುದು 6,200. ಪಿಎಫ್ ಬೇರೆ.

ನನ್ನ ಈಗಿನ ಲೆಕ್ಕ. ಸರಾಸರಿ ಬಂದದ್ದು 20,500. ಸಾಫ್ಟ್‌ವೇರ್, ನೆಟ್, ಕರೆಂಟು, ಕಂಪ್ಯೂಟರ್ ರಿಪೇರಿಗೆ ಅಂತ ತಿಂಗಳಿಗೆ 3,500 ತೆಗೆದರೆ 17,000. ಇದು ಸಂಬಳಕ್ಕಿಂತ ಕಡಿಮೆ. ಹೋದ ಸಲ 'ಹತ್ತಿರ ಹತ್ತಿರ' ಅಂತ ಬರೆದದ್ದು ಈ 3,500 ಕಳೆಯದೆ. ಮನೆಯಲ್ಲೇ ಇರುವುದರಿಂದ ಖರ್ಚು ಕಡಿಮೆ. ಆದರೆ ಮನೆಯಲ್ಲಿ ಉಣ್ಣುವುದನ್ನು ನಾನು ಲಾಭ ಅಂತ ತೋರಿಸಬಾರದು. ಅದಕ್ಕೇ ತಿಂಗಳಿಗೆ 5,000 ಮನೆಗೆ ಕೊಡುವುದು ಅಂತ ಹಾಕಿದ್ದೇನೆ. ಅಮ್ಮ ಬೇಡ ಅನ್ನಬೇಡಿ. ಅದು ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಈಗ ಅಕ್ಟೋಬರಿನ ಪ್ರಶ್ನೆ. ಆ ತಿಂಗಳು ನಾನು ಹಗಲು ರಾತ್ರಿ ಕೂತು ಮಾಡಿದ್ದು ದುಬೈಯ ಔಷಧಿ ಅಂಗಡಿಯ ಡ್ರಾಯಿಂಗ್. ಎಲ್ಲ ಒಪ್ಪಿಗೆ ಆದಮೇಲೆ ಬಿಲ್ ಕಳಿಸಿ ಅಂದಿದ್ದರು. ಅವರು ಮತ್ತೆ ಮತ್ತೆ ತಿದ್ದುಪಡಿ ಹೇಳಿದರು. ಒಪ್ಪಿಗೆ ಆಗುವಾಗ ನವೆಂಬರ್ ಬಂತು. ನವೆಂಬರಿನ 44,000ದಲ್ಲಿ ಅಕ್ಟೋಬರಿನ ದುಡ್ಡೂ ಇದೆ. ಈಗ ಮಾತು ಬದಲಿಸಿದ್ದೇನೆ. ಕೆಲಸ ಶುರುವಾಗುವ ಮೊದಲು ನೂರಕ್ಕೆ ನಲವತ್ತು ಮುಂಗಡ. ಎರಡು ತಿದ್ದುಪಡಿ ದರದಲ್ಲಿ ಸೇರಿದೆ, ಮೂರನೆಯದಕ್ಕೆ ಬೇರೆ ದುಡ್ಡು. ನೋಡಲು ಪಿಡಿಎಫ್ ಕೊಡುತ್ತೇನೆ. ತಿದ್ದಲು ಬರುವ ಮೂಲ ಫೈಲು ಪೂರ್ತಿ ದುಡ್ಡು ಬಂದ ಮೇಲೆ. ದುಬೈಯವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಮಂಗಳೂರಿನವರು ಮೂವತ್ತಕ್ಕೆ ಮಾತ್ರ ಒಪ್ಪಿದ್ದಾರೆ.

ಜುಲೈ ಬೇರೆ ಕಥೆ. ಗಾಳಿಮಳೆಗೆ ಕರೆಂಟು ಹೋಗಿ ಎರಡು ಸಲ ಹೇಳಿದ ದಿನಕ್ಕೆ ಹಾಳೆ ಕೊಡಲು ಆಗಲಿಲ್ಲ. ಮೂರನೇ ಕೆಲಸವನ್ನು ಅವರು ಬೇರೆಯವರಿಗೆ ಕೊಟ್ಟರು. ಇನ್ವರ್ಟರ್ ಹಾಕದೆ ಇನ್ನೊಂದು ಮಳೆಗಾಲ ಕಳೆಯಲು ಆಗುವುದಿಲ್ಲ. ಅದರ ಖರ್ಚು ಮೇ ತಿಂಗಳಿಗೆ ಇದೆ, ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಅಪ್ಪ, ನೀವು ಅಡಿಕೆಯನ್ನು ಒಣಗಿಸಿ ಚಾಲಿ ಮಾಡಿಟ್ಟು ಬೇಕಾದಾಗ ಬೇಕಾದಷ್ಟೇ ಕೊಡುತ್ತೀರಿ. ಕೊಯ್ಲಾದ ತಿಂಗಳೇ ಎಲ್ಲವನ್ನೂ ಮಾರಿ ಖರ್ಚು ಮಾಡುವುದಿಲ್ಲ. ನಾನು ಇಷ್ಟು ದಿನ ಬಂದದ್ದನ್ನು ಲೆಕ್ಕ ಇಡದೆ ಖರ್ಚು ಮಾಡುತ್ತಿದ್ದೆ. ಇನ್ನು ಮೇಲೆ ಎರಡು ಖಾತೆ. ಗಿರಾಕಿಗಳ ದುಡ್ಡೆಲ್ಲ ಒಂದಕ್ಕೆ. ಕೆಲಸದ ಖರ್ಚು 3,500 ಅದರಿಂದಲೇ. ಪ್ರತಿ ತಿಂಗಳು ಒಂದನೇ ತಾರೀಕು ಅದರಿಂದ 12,000 ಮಾತ್ರ ನನ್ನ ಖಾತೆಗೆ. ಮನೆಗೆ 5,000, ನನ್ನ ಕೈಖರ್ಚಿಗೆ 4,000, ಪಿಪಿಎಫ್‌ಗೆ 2,000, ವಿಮೆಗೆ 1,000. ಒಟ್ಟು ತಿಂಗಳಿಗೆ 15,500 ಹೊರಗೆ ಹೋಗುತ್ತದೆ. ಮಿಕ್ಕದ್ದು ಅಲ್ಲೇ ಇರಬೇಕು.

ಇದನ್ನು ಹಳೆಯ ಎಂಟು ತಿಂಗಳಿಗೆ ಹಾಕಿ ನೋಡಿದೆ. ಜೂನಿನಿಂದಲೇ ಹೀಗೆ ಮಾಡಿದ್ದರೆ ಜುಲೈ ಕೊನೆಗೆ 3,500 ಸಾಲ ಬೀಳುತ್ತಿತ್ತು. ಸೆಪ್ಟೆಂಬರಿಗೆ ಕೈಯಲ್ಲಿ 18,500. ಅಕ್ಟೋಬರಿನ ಸೊನ್ನೆಯನ್ನು ದಾಟಿ 3,000 ಉಳಿಯುತ್ತಿತ್ತು. ಜನವರಿಗೆ 40,000. ಅಂದರೆ ಅಕ್ಟೋಬರ್ ದಾಟುತ್ತಿದ್ದೆ, ಆದರೆ ಕೂದಲೆಳೆಯಲ್ಲಿ. ನವೆಂಬರಿನ ದುಡ್ಡು ಇನ್ನೊಂದು ತಿಂಗಳು ತಡವಾಗಿದ್ದರೆ 12,500 ಸಾಲ. ಅದಕ್ಕೇ ಮೀಸಲು ಇಲ್ಲದೆ ಇದನ್ನು ಮಾಡಬಾರದು. ಆರು ತಿಂಗಳ ಖರ್ಚು 93,000 ಆಗುತ್ತದೆ. ಈಗ ಖಾತೆಯಲ್ಲಿ 48,000 ಇದೆ. ತಿಂಗಳಿಗೆ 5,000 ಉಳಿದರೆ ಅಕ್ಟೋಬರ್ ಕೊನೆಗೆ ತುಂಬುತ್ತದೆ.

ಅಮ್ಮನ ಪ್ರಶ್ನೆ, ಹುಷಾರು ತಪ್ಪಿದರೆ ಏನು ಅಂತ. ಐದು ಲಕ್ಷದ ಆರೋಗ್ಯ ವಿಮೆ ನನ್ನ ಹೆಸರಿಗೆ ಮಾಡಿಸುತ್ತೇನೆ. ಈಗಲೇ ಮಾಡಿಸಬೇಕು. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ ಮೂವತ್ತು ದಿನ ವಿಮೆ ಸಿಗುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕಂಪೆನಿಯ ವಿಮೆ ಕೆಲಸ ಬಿಟ್ಟ ದಿನ ಮುಗಿಯುತ್ತದೆ, ಇದು ಮುಗಿಯುವುದಿಲ್ಲ. ಆದರೆ ಕಂಪೆನಿಯ ವಿಮೆಯಲ್ಲಿ ನಿಮ್ಮಿಬ್ಬರನ್ನೂ ಸೇರಿಸಬಹುದಿತ್ತು. ಇದರಲ್ಲಿ ಅದಿಲ್ಲ. ಅಪ್ಪನಿಗೆ ಬಿಪಿ ಇರುವುದರಿಂದ ಹೊಸದಾಗಿ ಮಾಡಿಸಿದರೆ ಕಾಯಬೇಕು, ಕಂತೂ ಜಾಸ್ತಿ. ಇದಕ್ಕೆ ಈಗ ನನ್ನ ಹತ್ತಿರ ಪರಿಹಾರ ಇಲ್ಲ.

ವಯಸ್ಸಾದ ಮೇಲಿನ ದುಡ್ಡು. ಕಂಪೆನಿಯಲ್ಲಾದರೆ ಇಬ್ಬರ ಪಾಲೂ ಸೇರಿ ತಿಂಗಳಿಗೆ 3,600 ಕೂಡುತ್ತಿತ್ತು. ಅದರಲ್ಲಿ 1,250 ಪಿಂಚಣಿಗೆ ಹೋಗುತ್ತದೆ, ಹತ್ತು ವರ್ಷ ದುಡಿದರೆ ಮಾತ್ರ ಆ ಪಿಂಚಣಿ. ನಾನು ಪಿಪಿಎಫ್‌ಗೆ ಹಾಕುವುದು 2,000. ಕಡಿಮೆಯೇ. ಮೀಸಲು ತುಂಬಿದ ಮೇಲೆ ಮಿಗುವ 5,000ದಲ್ಲಿ ಅರ್ಧ ಇದಕ್ಕೆ ಸೇರಿಸುತ್ತೇನೆ. ಪಿಪಿಎಫ್‌ನಲ್ಲಿ ವರ್ಷಕ್ಕೆ 500 ಹಾಕಿದರೂ ಖಾತೆ ನಡೆಯುತ್ತದೆ. ಒಂದು ತಿಂಗಳು ತಪ್ಪಿದರೆ ದಂಡ ಇಲ್ಲ. ನನ್ನಂಥ ಆದಾಯಕ್ಕೆ ಅದು ಹೊಂದುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಕಡೆ. 1,64,000ದಲ್ಲಿ 96,000 ಬಂದದ್ದು ದುಬೈಯ ಒಬ್ಬರಿಂದಲೇ. ಅವರು ನಿಂತರೆ ತಿಂಗಳಿಗೆ ಬರುವುದು 8,500, ಖರ್ಚು ಕಳೆದರೆ 5,000. ಅಕ್ಟೋಬರಿನ ಸೊನ್ನೆಗಿಂತ ಇದು ದೊಡ್ಡ ಅಪಾಯ. ಈ ವರ್ಷ ನನ್ನ ಮುಖ್ಯ ಕೆಲಸ ಅಂದರೆ ಅವರ ಪಾಲನ್ನು ನೂರಕ್ಕೆ ನಲವತ್ತಕ್ಕೆ ಇಳಿಸುವುದು. ಅವರ ಕೆಲಸ ಕಡಿಮೆ ಮಾಡಿ ಅಲ್ಲ, ಬೇರೆಯವರನ್ನು ಸೇರಿಸಿ.

ಹಾಗಿದ್ದರೂ ಯಾಕೆ ಇದು ಅಂತ ಕೇಳುತ್ತೀರಿ. ಬೆಂಗಳೂರಿನ ಕೆಲಸದಲ್ಲಿ ಮೊದಲ ಎರಡು ವರ್ಷ ಸೈಟಿನಲ್ಲಿ ಅಳತೆ ಪುಸ್ತಕ ಬರೆಯುವುದು, ಬಿಲ್ ಮಾಡುವುದು. ಇಂಟರ್‌ವ್ಯೂನಲ್ಲಿ ಅವರೇ ಹೇಳಿದ್ದು. ನನಗೆ ಈಗ ಮರಗೆಲಸದ ವಿವರದ ಹಾಳೆ ಮಾಡಲು ಬರುತ್ತದೆ. ಮೊದಲು ಹಾಳೆಗೆ 500 ಕೊಡುತ್ತಿದ್ದವರು ಈಗ 900 ಕೊಡುತ್ತಾರೆ. ಈ ಕೈ ಎರಡು ವರ್ಷ ಬಿಟ್ಟರೆ ಹೋಗುತ್ತದೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವರ ಕಚೇರಿ ತೆರೆಯುವಾಗ ನಮಗೆ ಹತ್ತೂವರೆ. ಬೆಳಗ್ಗೆ ತೋಟಕ್ಕೆ ನೀರು ಬಿಡುವ ಹೊತ್ತಿಗೆ ನಾನಿರುತ್ತೇನೆ. ಇದು ಮುಖ್ಯ ಕಾರಣ ಅಲ್ಲ, ಆದರೆ ಕಾರಣವೇ.

ಯಾವಾಗ ಬಿಡುತ್ತೇನೆ ಅಂತಲೂ ಬರೆಯುತ್ತೇನೆ. ಮೀಸಲು ಎರಡು ತಿಂಗಳು ಸಾಲಾಗಿ 30,000ಕ್ಕಿಂತ ಕೆಳಗಿದ್ದರೆ ಕೆಲಸಕ್ಕೆ ಅರ್ಜಿ ಹಾಕಲು ಶುರುಮಾಡುತ್ತೇನೆ. ನೀವು ಹೇಳುವವರೆಗೆ ಕಾಯುವುದಿಲ್ಲ. ವಿಷುವಿಗೆ ಮತ್ತು ದೀಪಾವಳಿಗೆ ಇಡೀ ಲೆಕ್ಕ ನಿಮ್ಮ ಮುಂದೆ ಇಡುತ್ತೇನೆ. ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವ ಪಿಎಸ್‌ಸಿಯ ತುಳಸಿ ಖಾತೆ ಹಾಗೇ ಇದೆ. ಓವರ್‌ಸಿಯರ್ ಹುದ್ದೆ ಕರೆದರೆ ಅರ್ಜಿ ಹಾಕುತ್ತೇನೆ, ಪರೀಕ್ಷೆ ಬರೆಯುತ್ತೇನೆ.

ಹೆಣ್ಣು ಕೊಡುವವರು ಏನು ಕೇಳುತ್ತಾರೆ ಅಂತ ಅಮ್ಮ ಕೇಳಿದ್ದರು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ ಅಮ್ಮ."

ಕಾಗದ ಇಷ್ಟೇ. ಕೊನೆಗೆ ಸಹಿ.

ನನಗೆ ಇದರಲ್ಲಿ ಹಿಡಿಸಿದ್ದು, "ಪರಿಹಾರ ಇಲ್ಲ" ಅಂತ ಒಂದು ಕಡೆ, "ಲೆಕ್ಕ ಇಲ್ಲ" ಅಂತ ಇನ್ನೊಂದು ಕಡೆ ಬರೆದದ್ದು. ಎಲ್ಲದಕ್ಕೂ ಉತ್ತರ ಇದೆ ಅನ್ನುವ ಕಾಗದವನ್ನು ಹಿರಿಯರು ನಂಬುವುದಿಲ್ಲ, ಅಲ್ವಾ? ಇಪ್ಪತ್ತೆರಡರ ಹುಡುಗನಿಗೆ ಎಲ್ಲ ಗೊತ್ತಿರಲು ಸಾಧ್ಯವಿಲ್ಲ ಅಂತ ಅವರಿಗೆ ಗೊತ್ತು. ಕೆಲವು ಕಡೆ ಕೈಚೆಲ್ಲಿದರೆ ಉಳಿದ ಕಡೆಯ ಅಂಕಿಗಳಿಗೆ ಬೆಲೆ ಬರುತ್ತದೆ.

ಅಪ್ಪ ಎರಡು ದಿನ ಏನೂ ಹೇಳಲಿಲ್ಲ. ಆಮೇಲೆ ಮೂರು ಪ್ರಶ್ನೆ ಬಂತು, ಮೂರೂ ಒಳ್ಳೆಯವು.

ಮೊದಲನೆಯದು: "ಕೊಟ್ಟ ಮಾಲಿಗೆ ದುಡ್ಡು ಬಾರದೇ ಹೋದರೆ ಯಾರ ಹತ್ತಿರ ಹೋಗ್ತಿ?" ಹುಡುಗನಿಗೆ ಇದರ ಕಾನೂನು ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟೆ. ಒಬ್ಬನೇ ಕೂತು ಡ್ರಾಯಿಂಗ್ ಮಾಡುವವನೂ ಕಿರು ಉದ್ಯಮ ಅಂತ ಉದ್ಯಮ್ ನೋಂದಣಿ ಮಾಡಿಸಬಹುದು. ಸರಕಾರದ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಕೊಟ್ಟರೆ ಆಯಿತು, ಶುಲ್ಕ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಇಂಥವರಿಗೆ ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರಕಾರದ ಪೋರ್ಟಲಿನಲ್ಲಿ ದೂರು ಕೊಡಬಹುದು. ಆದರೆ ಕೆಲಸ ಮಾಡಿಕೊಡುವ ಮೊದಲೇ ನೋಂದಣಿ ಆಗಿರಬೇಕು, ಜಗಳ ಆದಮೇಲೆ ಓಡಿಹೋಗಿ ಮಾಡಿಸಿದರೆ ಹಳೆಯ ಬಿಲ್ಲಿಗೆ ಬರುವುದು ಕಷ್ಟ. ಮಂಗಳೂರಿನ ಗಿರಾಕಿಗೆ ಇದರ ಬಿಸಿ ತಟ್ಟೀತು. ದುಬೈಯವರಿಗೆ ಇದು ಏನೂ ಅಲ್ಲ. ಅಲ್ಲಿಗೆ ಮುಂಗಡ ಮತ್ತು ಮೂಲ ಫೈಲು ತಡೆಹಿಡಿಯುವುದು, ಇವೆರಡೇ ಆಯುಧ. ಅಪ್ಪ ಇದನ್ನು ಕೇಳಿ, ಹಾಗಾದರೆ ದುಬೈಗೆ ಮುಂಗಡ ಅರ್ಧಕ್ಕೆ ಏರಿಸು ಅಂದರಂತೆ. ಸರಿಯಾದ ಮಾತು.

ಎರಡನೆಯದು: "ನಾಳೆ ಮನೆ ರಿಪೇರಿಗೆ ಸಾಲ ಬೇಕಾದರೆ ಬ್ಯಾಂಕಿನವರು ನಿನಗೆ ಕೊಡ್ತಾರಾ?" ಸಂಬಳದವನು ಮೂರು ತಿಂಗಳ ಸ್ಲಿಪ್ ತೋರಿಸಿದರೆ ಅರ್ಜಿ ಮುಂದೆ ಹೋಗುತ್ತದೆ. ಸ್ವಂತ ದುಡಿಮೆಯವನಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ. ಆದ್ದರಿಂದ ತೆರಿಗೆ ಬಾರದಿದ್ದರೂ ಮೊದಲ ವರ್ಷದಿಂದಲೇ ರಿಟರ್ನ್ ಹಾಕಬೇಕು. ಹೊಸ ಪದ್ಧತಿಯಲ್ಲಿ 2025-26ರಿಂದ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ, ಇವನ ಆದಾಯ ಅಲ್ಲಿಗೆ ಮುಟ್ಟುವುದಿಲ್ಲ. ಜಿಎಸ್‌ಟಿಯ ಇಪ್ಪತ್ತು ಲಕ್ಷದ ಮಿತಿಯಂತೂ ಬಹಳ ದೂರ. ಆದರೂ ರಿಟರ್ನ್ ಬೇಕು. ಇನ್ನೊಂದು ಲಾಭವೂ ಇದೆ. ಇಲ್ಲಿನ ಕಂಪೆನಿಗಳು ಬಿಲ್ಲಿನಲ್ಲಿ ತೆರಿಗೆ ಹಿಡಿದು ಕೊಟ್ಟರೆ ರಿಟರ್ನ್ ಹಾಕಿದರೆ ಮಾತ್ರ ಆ ದುಡ್ಡು ವಾಪಸ್. ಎಷ್ಟೋ ಹುಡುಗರು ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಮೂರನೆಯದು ಕಷ್ಟದ್ದು: "ಎರಡು ವರ್ಷ ಬಿಟ್ಟು ಬೇಡ ಅನಿಸಿದರೆ ಆಗ ಕೆಲಸ ಕೊಡುವವರು ಯಾರು?" ಇಲ್ಲಿ ಅಪ್ಪನ ಹೆದರಿಕೆ ಸರಿ. ದೊಡ್ಡ ಕಂಪೆನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಯಾವ ವರ್ಷ ಪಾಸಾದದ್ದು ಅಂತ ನೋಡುತ್ತವೆ. ಎರಡು ವರ್ಷ ಕಳೆದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ. ಆಮೇಲೆ ಅನುಭವ ಇದ್ದವನಾಗಿಯೇ ಹೋಗಬೇಕು, ಅದಕ್ಕೆ ಸಾಕ್ಷಿ ಬೇಕು. ಫ್ರೀಲಾನ್ಸರಿಗೆ ಅನುಭವದ ಪತ್ರ ತಾನಾಗಿ ಬರುವುದಿಲ್ಲ. ಪ್ರತಿ ಕೆಲಸ ಮುಗಿದಾಗ ಗಿರಾಕಿಯಿಂದ ಎರಡು ಸಾಲಿನ ಪತ್ರ ಕೇಳಿ ಪಡೆಯಬೇಕು. ಬಿಲ್ಲುಗಳನ್ನು ವರ್ಷವಾರು ಇಟ್ಟುಕೊಳ್ಳಬೇಕು. ಯಾವ ಹಾಳೆಗಳನ್ನು ಬೇರೆಯವರಿಗೆ ತೋರಿಸಬಹುದು ಅಂತ ಮೊದಲೇ ಒಪ್ಪಿಗೆ ಪಡೆಯಬೇಕು, ಯಾಕೆಂದರೆ ಡ್ರಾಯಿಂಗಿನಲ್ಲಿ ಗಿರಾಕಿಯ ಕೆಲಸದ ವಿವರ ಇರುತ್ತದೆ. ಇಷ್ಟು ಮಾಡಿದರೂ ಒಳಾಂಗಣದ ಕಂಪೆನಿಗಳು ಒಪ್ಪಿಯಾವು. ಸೇತುವೆ, ರಸ್ತೆ ಮಾಡುವ ಕಂಪೆನಿಗಳಿಗೆ ಈ ಅನುಭವ ಲೆಕ್ಕಕ್ಕೆ ಬರುವುದು ಕಷ್ಟ. ಹುಡುಗ ಇದನ್ನು ಅಪ್ಪನಿಗೆ ಹಾಗೆಯೇ ಹೇಳಿದ.

ಈ ಲೆಕ್ಕ ಎಲ್ಲರ ಮನೆಗೂ ಹೊಂದುವುದಿಲ್ಲ. ಇವನ ಓದಿಗೆ ಅಪ್ಪ ಸಾಲ ಮಾಡಿರಲಿಲ್ಲ. ಶಿಕ್ಷಣ ಸಾಲ ಇದ್ದರೆ ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರು. ತಿಂಗಳಿಗೆ ಐದು ಸಾವಿರದ ಕಂತು ಇದ್ದಿದ್ದರೆ ಇವನ ಉಳಿಕೆ ಪೂರ್ತಿ ಅದಕ್ಕೇ ಹೋಗಿ ಮೀಸಲು ಬೆಳೆಯುತ್ತಲೇ ಇರಲಿಲ್ಲ. ಹಾಗಿದ್ದರೆ ಕೆಲಸಕ್ಕೆ ಸೇರು, ಸಂಜೆ ಹೊತ್ತು ಡ್ರಾಯಿಂಗ್ ಮಾಡು ಅಂತಲೇ ನಾನು ಹೇಳುತ್ತಿದ್ದೆ. ಕಂಪೆನಿಯ ಕರಾರಿನಲ್ಲಿ ಹೊರಗಿನ ಕೆಲಸಕ್ಕೆ ತಡೆ ಇದೆಯೇ ಅಂತ ನೋಡಿಕೊಂಡು.

ಬೆಂಗಳೂರಿನ ಕಂಪೆನಿಗೆ ಹುಡುಗ ಬರುವುದಿಲ್ಲ ಅಂತ ಬರೆದ. ಸುಮ್ಮನಿದ್ದುಬಿಡುವುದಕ್ಕಿಂತ ಅದು ಒಳ್ಳೆಯದು, ಮುಂದೆ ಅಲ್ಲೇ ಅರ್ಜಿ ಹಾಕಬೇಕಾಗಿ ಬಂದರೂ ಬರಬಹುದು. ಅಪ್ಪ ಒಪ್ಪಿದರು ಅಂತ ಹೇಳಲಾರೆ. "ದೀಪಾವಳಿಯವರೆಗೆ ನೋಡುವ" ಅಂದರು.

ವಿಷುವಿಗೆ ಮೊದಲ ಲೆಕ್ಕ ಆಯಿತು. ಫೆಬ್ರವರಿಯಲ್ಲಿ 24,000 ಬಂದಿತ್ತು. ಮಾರ್ಚಿನಲ್ಲಿ 11,000 ಮಾತ್ರ. ರಮ್ಜಾನ್ ಇತ್ತು, ಯುಎಇಯಲ್ಲಿ ಆ ತಿಂಗಳು ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆ, ಹೊಸ ಕೆಲಸ ಹೊರಡುವುದೂ ನಿಧಾನ. ಇದು ಪ್ರತಿ ವರ್ಷ ಬರುವ ತಗ್ಗು, ಆದ್ದರಿಂದ ಮುಂದಿನ ವರ್ಷದ ಲೆಕ್ಕದಲ್ಲಿ ಮೊದಲೇ ಬರೆದಿಡಬಹುದು. ಮೀಸಲು 58,000 ಆಗಬೇಕಿದ್ದಲ್ಲಿ 52,000ಕ್ಕೆ ನಿಂತಿತು. ದುಬೈಯ ಪಾಲು ಮಾತ್ರ ಈ ಎರಡು ತಿಂಗಳಲ್ಲಿ ನೂರಕ್ಕೆ ನಲವತ್ತಕ್ಕೆ ಇಳಿದಿದೆ. ಅರ್ಧ ಕಾರಣ ರಮ್ಜಾನ್, ಇನ್ನರ್ಧ ಪುತ್ತೂರಿನ ಒಂದು ಮಾಡ್ಯುಲರ್ ಕಿಚನ್ ಕಾರ್ಖಾನೆ ಹೊಸ ಗಿರಾಕಿಯಾಗಿ ಸೇರಿದ್ದು. ಅವರಿಗೆ ವಾರಕ್ಕೆ ಇಷ್ಟು ಹಾಳೆ ಅಂತ ಬೇಕೇ ಬೇಕು. ದರ ಕಡಿಮೆ, ಆದರೆ ತಪ್ಪದೆ ಬರುತ್ತದೆ.

ಈಗ ಅಪ್ಪ-ಮಗನ ನಡುವೆ ಚರ್ಚೆ ಇರುವುದು ಆ 52,000ವನ್ನು ಎಲ್ಲಿಡಬೇಕು ಅನ್ನುವುದರ ಮೇಲೆ. ಊರಿನ ಸಹಕಾರಿ ಸಂಘದಲ್ಲಿ ಬಡ್ಡಿ ಜಾಸ್ತಿ, ಅಲ್ಲಿಡು ಅಂತ ಅಪ್ಪ. ಪ್ರಾಥಮಿಕ ಸಹಕಾರಿ ಸಂಘದ ಠೇವಣಿಗೆ ಬ್ಯಾಂಕುಗಳಿಗಿರುವ ಐದು ಲಕ್ಷದ ಠೇವಣಿ ವಿಮೆ ಇಲ್ಲ, ಮತ್ತೆ ಮೀಸಲು ಅಂದರೆ ರಾತ್ರಿ ಬೇಕಾದರೆ ಬೆಳಗ್ಗೆ ಸಿಗಬೇಕು ಅಂತ ಮಗ. ಎರಡು ತಿಂಗಳ ಖರ್ಚು 31,000 ಬ್ಯಾಂಕಿನಲ್ಲಿ, ಮಿಕ್ಕದ್ದು ಸಂಘದಲ್ಲಿ ಅಂತ ಸದ್ಯಕ್ಕೆ ಮಾತಾಗಿದೆ. ಮೇ ತಿಂಗಳ ಇನ್ವರ್ಟರಿನ ಖರ್ಚು ಇದರಲ್ಲಿ ಯಾವುದರಿಂದ ತೆಗೆಯುವುದು ಅಂತ ಇನ್ನೂ ತೀರ್ಮಾನವಾಗಿಲ್ಲ.